"ವಿಡಿಯೋ ಮಂಕಾಗಿದೆ, ಏನು ಮಾಡ್ಲಿ?": ಕ್ಲಿಪ್ ನೋಡದೆ ಹೇಳುವ ಎಡಿಟಿಂಗ್ ಸಲಹೆ ಎಲ್ಲಿ ತಪ್ಪುತ್ತದೆ

"ನನ್ನ ವಿಡಿಯೋ ಮಂಕಾಗಿ ಕಾಣ್ತಿದೆ. ಸಿನಿಮ್ಯಾಟಿಕ್ ಆಗಿ ಮಾಡ್ಬೇಕು. ಹೇಗೆ ಎಡಿಟ್ ಮಾಡ್ಲಿ?"

ಎಡಿಟಿಂಗ್ ಗೊತ್ತಿರುವ ಯಾರಿಗಾದರೂ ಈ ಪ್ರಶ್ನೆ ಹೊಸದಲ್ಲ. ಜೊತೆಗೆ ಕ್ಲಿಪ್ ಇರುವುದಿಲ್ಲ. ಯಾವುದರಲ್ಲಿ ಶೂಟ್ ಮಾಡಿದ್ದು ಅಂತ ಇರುವುದಿಲ್ಲ. ಸಿನಿಮ್ಯಾಟಿಕ್ ಅಂದರೆ ಯಾವ ಥರದ್ದು ಅನ್ನುವುದೂ ಇರುವುದಿಲ್ಲ. ಆದರೂ ಉತ್ತರ ಥಟ್ಟನೆ ಬರುತ್ತದೆ: ಕಾಂಟ್ರಾಸ್ಟ್ ಜಾಸ್ತಿ ಮಾಡಿ, ಸ್ಯಾಚುರೇಶನ್ ಸ್ವಲ್ಪ ಏರಿಸಿ, ಒಂದು ಟೀಲ್-ಆರೆಂಜ್ ಲಟ್, ಅಂದರೆ ಬಣ್ಣ ಬದಲಿಸುವ ಸಿದ್ಧ ಫೈಲ್, ಹಾಕಿ. ಎಲ್ಲಿದ್ದೇನೆ ಅಂತಲೂ ಹೇಳದೆ, ಎಲ್ಲಿಗೆ ಹೋಗಬೇಕು ಅಂತಲೂ ಹೇಳದೆ ದಾರಿ ಕೇಳಿದವರಿಗೆ "ಎಡಕ್ಕೆ ತಿರುಗಿ" ಅಂದ ಹಾಗಾಯಿತು ಇದು.

ಕೇಳಿದವರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ತನ್ನ ಕಣ್ಣಿಗೆ ಕಂಡದ್ದನ್ನು ಅವರು ಹೇಳಿದ್ದಾರೆ. ತೊಂದರೆ ಏನೆಂದರೆ, "ಮಂಕು" ಅನ್ನುವ ಒಂದೇ ನೋಟಕ್ಕೆ ಕಾರಣಗಳು ಹಲವು ಇವೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಮಾಡಿದರೆ ಚಿತ್ರ ಇನ್ನೂ ಕೆಡುತ್ತದೆ. ಮಂಕು ಅನ್ನುವ ಒಂದೇ ದೂರನ್ನು ಹಿಡಿದುಕೊಂಡು ಅದರೊಳಗೆ ಏನೇನಿದೆ ಅಂತ ಬಿಡಿಸಿ ನೋಡೋಣ.

ಒಂದೇ ಮಂಕು, ನಾಲ್ಕು ಕಾರಣ

ಮೊದಲನೆಯದು ಲಾಗ್. ಈಗಿನ ಅನೇಕ ಕ್ಯಾಮೆರಾಗಳಲ್ಲಿ, ಕೆಲವು ಫೋನ್‌ಗಳಲ್ಲೂ, ಲಾಗ್ ಅನ್ನುವ ರೆಕಾರ್ಡಿಂಗ್ ವಿಧಾನ ಇದೆ. ಸೋನಿಯಲ್ಲಿ ಎಸ್-ಲಾಗ್3, ಪ್ಯಾನಸೋನಿಕ್‌ನಲ್ಲಿ ವಿ-ಲಾಗ್, ಕ್ಯಾನನ್‌ನಲ್ಲಿ ಸಿ-ಲಾಗ್, ಹೀಗೆ ಒಂದೊಂದು ಕಂಪನಿಗೆ ಒಂದೊಂದು ಹೆಸರು. ತುಂಬಾ ಬೆಳಕಿರುವ ಜಾಗ ಮತ್ತು ತುಂಬಾ ಕತ್ತಲಿರುವ ಜಾಗ ಎರಡನ್ನೂ ಒಂದೇ ಫೈಲ್‌ನಲ್ಲಿ ಹಿಡಿಸಲು, ಚಿತ್ರದ ಬೆಳಕನ್ನು ಬೇಕೆಂದೇ ಕಿರಿದಾಗಿ ಒತ್ತಿ ಬರೆಯುವ ವಿಧಾನ ಇದು. ಹಾಗೇ ನೋಡಿದರೆ ಚಿತ್ರ ಬೂದುಬೂದಾಗಿ ಕಾಣುತ್ತದೆ. ಅದು ದೋಷ ಅಲ್ಲ. ಅದನ್ನು ಮೊದಲು ಮಾಮೂಲಿ ಪರದೆಯ ಅಳತೆಗೆ ತಿರುಗಿಸಬೇಕು ಅಷ್ಟೇ. ಆ ಅಳತೆಗೆ ರೆಕ್ 709 ಅಂತ ಹೆಸರು.

ಎರಡನೆಯದು ಲೆವೆಲ್‌ಗಳ ಗೊಂದಲ. ಬೆಳಕನ್ನು 0ರಿಂದ 255ರವರೆಗಿನ ಸಂಖ್ಯೆಗಳಲ್ಲಿ ಬರೆಯುವ 8 ಬಿಟ್ ವಿಡಿಯೋದಲ್ಲಿ ಸಾಮಾನ್ಯವಾಗಿ ಕಪ್ಪನ್ನು 16 ಅಂತಲೂ ಬಿಳಿಯನ್ನು 235 ಅಂತಲೂ ಬರೆಯುತ್ತಾರೆ. ಕೆಲವು ಫೈಲ್‌ಗಳಲ್ಲಿ ಮಾತ್ರ ಕಪ್ಪು 0, ಬಿಳಿ 255. ಮೊದಲ ಥರದ ಫೈಲನ್ನು ಎಡಿಟಿಂಗ್ ಸಾಫ್ಟ್‌ವೇರ್ ಎರಡನೇ ಥರದ್ದು ಅಂತ ತಿಳಿದುಕೊಂಡರೆ 16 ಕಪ್ಪಾಗಿ ಕಾಣುವುದಿಲ್ಲ, ಗಾಢ ಬೂದು ಆಗುತ್ತದೆ. 235 ಬಿಳಿಯಾಗಿ ಕಾಣುವುದಿಲ್ಲ, ಮಾಸಿದ ಬಿಳಿ ಆಗುತ್ತದೆ. ಕಂಪ್ಯೂಟರ್ ಪರದೆಯನ್ನೇ ರೆಕಾರ್ಡ್ ಮಾಡಿದ ವಿಡಿಯೋಗಳಲ್ಲಿ ಇದು ಆಗಾಗ ಸಿಗುತ್ತದೆ.

ಮೂರನೆಯದು ಫ್ಲೇರ್. ಕಿಟಕಿಯ ಅಥವಾ ದೀಪದ ಬೆಳಕು ನೇರವಾಗಿ ಲೆನ್ಸ್ ಮೇಲೆ ಬಿದ್ದು, ಚಿತ್ರದ ಮೇಲೆ ತೆಳುವಾದ ಮಂಜಿನ ಪರದೆ ಹಾಸಿದ ಹಾಗೆ ಆಗುತ್ತದೆ. ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದರಂತೂ ಇನ್ನೂ ಜಾಸ್ತಿ.

ನಾಲ್ಕನೆಯದು ಕಡಿಮೆ ಬೆಳಕಿನ ಶೂಟ್, ಅಂದರೆ ಅಂಡರ್ ಎಕ್ಸ್‌ಪೋಶರ್. ಇಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ. ಮುಖ, ಗೋಡೆ, ಬಟ್ಟೆ ಎಲ್ಲ ಕೆಳಗೆ ಕತ್ತಲಲ್ಲಿ ಕೂತಿರುತ್ತವೆ. ಜನ ಇದನ್ನೂ ಮಂಕು ಅಂತಲೇ ಹೇಳುತ್ತಾರೆ.

ಈಗ "ಕಾಂಟ್ರಾಸ್ಟ್ ಜಾಸ್ತಿ ಮಾಡಿ" ಅನ್ನುವ ಸಲಹೆಯನ್ನು ನಾಲ್ಕಕ್ಕೂ ಹಾಕಿ ನೋಡಿ. ಲಾಗ್‌ಗೆ ಹಾಕಿದರೆ ಸ್ವಲ್ಪ ಸರಿಹೋದ ಹಾಗೆ ಕಾಣುತ್ತದೆ, ಆದರೆ ಮುಖದ ಬಣ್ಣ ಎಲ್ಲೋ ತಪ್ಪಿರುತ್ತದೆ. ಲಾಗ್ ಫೈಲ್‌ನಲ್ಲಿ ಬೆಳಕಿನ ಜೊತೆಗೆ ಬಣ್ಣಗಳ ಅಳತೆಯೂ ಬೇರೆ ಇರುತ್ತದಲ್ಲ, ಕಾಂಟ್ರಾಸ್ಟ್ ಅದನ್ನು ಸರಿ ಮಾಡುವುದಿಲ್ಲ. ಲೆವೆಲ್ ಗೊಂದಲಕ್ಕೆ ಹಾಕಿದರೆ ಆ ಕ್ಲಿಪ್ ಮಟ್ಟಿಗೆ ಹೊಂದಿಕೊಳ್ಳಬಹುದು. ಆದರೆ ಯಾರೋ ಆಮೇಲೆ ಸೆಟ್ಟಿಂಗ್ ಸರಿ ಮಾಡಿದ ಕೂಡಲೇ ಅದೇ ಕ್ಲಿಪ್ ಕಡುಕಪ್ಪಾಗಿ ಬಿಡುತ್ತದೆ. ಫ್ಲೇರ್‌ಗೆ ಹಾಕಿದರೆ ಮಂಜಿರುವ ಕಡೆ ಸರಿಯಾಗುವ ಹೊತ್ತಿಗೆ ಮಂಜಿಲ್ಲದ ಕಡೆ ನೆರಳೆಲ್ಲ ಮುಚ್ಚಿಹೋಗಿರುತ್ತದೆ. ಇನ್ನು ಅಂಡರ್ ಎಕ್ಸ್‌ಪೋಶರ್‌ಗೆ ಹಾಕಿದರೆ ಕತ್ತಲಲ್ಲಿದ್ದ ಮುಖ ಇನ್ನೂ ಕತ್ತಲಿಗೆ ಹೋಗುತ್ತದೆ. ಅಲ್ಲಿ ಬೇಕಿದ್ದದ್ದು ಸರಿಯಾಗಿ ಇದಕ್ಕೆ ಉಲ್ಟಾ.

ನೋಡದೆ ಇದ್ದರೂ ಗೊತ್ತು ಮಾಡಿಕೊಳ್ಳುವುದು ಹೇಗೆ

ಸಲಹೆ ಕೊಡುವವರು ಚಿತ್ರ ನೋಡಲು ಆಗದಿದ್ದರೂ, ಕೇಳಿದವರ ಮುಂದೆ ಚಿತ್ರ ಇದೆ ಅಲ್ವಾ? ಹಾಗಾಗಿ ಅವರ ಕೈಯಲ್ಲೇ ಪರೀಕ್ಷೆ ಮಾಡಿಸಬಹುದು. ಇದಕ್ಕೆ ಒಳ್ಳೆಯ ಸಾಧನ ವೇವ್‌ಫಾರ್ಮ್ ಅನ್ನುವ ಗ್ರಾಫ್. ಡಾವಿಂಚಿ ರಿಸಾಲ್ವ್, ಪ್ರೀಮಿಯರ್, ಫೈನಲ್ ಕಟ್ ಎಲ್ಲದರಲ್ಲೂ ಇದು ಇದೆ. ಓದುವುದು ಕಷ್ಟ ಏನಿಲ್ಲ. ಚಿತ್ರದ ಎಡಭಾಗ ಗ್ರಾಫಿನ ಎಡಕ್ಕೆ, ಬಲಭಾಗ ಬಲಕ್ಕೆ. ಎತ್ತರ ಮಾತ್ರ ಬೆಳಕನ್ನು ಹೇಳುತ್ತದೆ. ತಳ 0 ಅಂದರೆ ಪೂರ್ತಿ ಕಪ್ಪು, ತುದಿ 100 ಅಂದರೆ ಪೂರ್ತಿ ಬಿಳಿ. ಸಾಫ್ಟ್‌ವೇರ್ 0ರಿಂದ 1023ರವರೆಗೆ ತೋರಿಸುತ್ತಿದ್ದರೆ ಶೇಕಡಾಕ್ಕೆ ಬದಲಿಸಿಕೊಳ್ಳಿ, ಮಾತಾಡಲು ಸುಲಭ.

ಗ್ರಾಫಿನ ತಳ ಎಲ್ಲಿದೆ ಅಂತ ಮೊದಲು ನೋಡಿ. ಎಡದಿಂದ ಬಲದವರೆಗೆ ಸುಮಾರು 6ರಲ್ಲಿ ಕತ್ತರಿಸಿದ ಹಾಗೆ ನಿಂತಿದ್ದು, ತುದಿಯೂ ಸುಮಾರು 92ರಲ್ಲಿ ನಿಂತಿದ್ದರೆ ಅದು ಬಹುತೇಕ ಲೆವೆಲ್ ಗೊಂದಲವೇ. 16ನ್ನು 255ರಿಂದ ಭಾಗಿಸಿದರೆ ಬರುವುದು ಆ 6, 235ನ್ನು ಭಾಗಿಸಿದರೆ ಬರುವುದು ಆ 92. ವಿಡಿಯೋದಲ್ಲಿ ಪೂರ್ತಿ ಕಪ್ಪಾಗುವ ಕ್ಷಣ ಒಂದಿದ್ದರೆ ಅಲ್ಲಿ ನಿಲ್ಲಿಸಿ ನೋಡಿ. ಆಗಲೂ ಗೆರೆ 6ರಲ್ಲೇ ಇದ್ದು, ಫೈಲ್ ಲಾಗ್ ಅಲ್ಲದಿದ್ದರೆ ಅನುಮಾನ ಬೇಡ. ರಿಸಾಲ್ವ್‌ನಲ್ಲಾದರೆ ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ, Clip Attributes ತೆರೆದು, Data Levels ಬದಲಿಸಿದರೆ ಕೆಲಸ ಮುಗಿಯಿತು. ಒಂದು ಸ್ಲೈಡರ್ ಕೂಡ ಮುಟ್ಟಬೇಕಿಲ್ಲ.

ತಳ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು ಇದೆಯಾ? ಎತ್ತರವಿರುವ ಕಡೆಯೇ ಕಿಟಕಿ ಅಥವಾ ದೀಪ ಇದೆಯಾ? ಹಾಗಿದ್ದರೆ ಫ್ಲೇರ್. ಅದಕ್ಕೆ ಇಡೀ ಚಿತ್ರವನ್ನು ಮುಟ್ಟಬಾರದು. ಕಿಟಕಿಯ ಬದಿಗೆ ಅಂಚು ಮೃದುವಾಗಿರುವ ಒಂದು ಮಾಸ್ಕ್, ಅಂದರೆ ಆ ಭಾಗವನ್ನಷ್ಟೇ ಆರಿಸುವ ಆಕಾರ, ಹಾಕಿ, ಅದರೊಳಗೆ ಮಾತ್ರ ಕಪ್ಪನ್ನು ಇಳಿಸಬೇಕು.

ತಳ ಸರಿಯಾಗಿ 0ಯ ಹತ್ತಿರ ಇದ್ದು, ಉಳಿದದ್ದೆಲ್ಲ 40ರ ಕೆಳಗೆ ಗುಂಪಾಗಿದ್ದರೆ ಬೆಳಕು ಸಾಲದೆ ಶೂಟ್ ಆಗಿದೆ. ರಾತ್ರಿಯ ದೃಶ್ಯವಾಗಿದ್ದರೆ ಮಾತ್ರ ಅದು ಬೇಕೆಂದೇ ಮಾಡಿದ್ದಿರಬಹುದು. ನೋಡಿ, ಶೈಲಿಯ ಪ್ರಶ್ನೆ ಇಲ್ಲೇ ಬಂತು.

ಲಾಗ್ ಆದರೆ ತಳ ಮೇಲೆದ್ದಿರುತ್ತದೆ, ತುದಿ ಕೆಳಗಿರುತ್ತದೆ, ಬಣ್ಣವೂ ಪೇಲವ. ಎಸ್-ಲಾಗ್3ರಲ್ಲಿ ಪೂರ್ತಿ ಕಪ್ಪೇ 0ಗಿಂತ ಸ್ವಲ್ಪ ಮೇಲೆ ಕೂರುತ್ತದೆ, ಚೆನ್ನಾಗಿ ಬೆಳಕು ಬಿದ್ದ ಬಿಳಿ ಕಾಗದ ಸುಮಾರು 60ಕ್ಕೆ ಬರುತ್ತದೆ. ಮಾಮೂಲಿ ರೆಕ್ 709ರಲ್ಲಿ ಅದೇ ಕಾಗದ ಸುಮಾರು 95ಕ್ಕೆ ಬರಬೇಕು. ಸಿದ್ಧ ಲಟ್ ಹಾಕಿ ಅಂತ ಹೇಳುವ ಮುಂಚೆ ಯೋಚಿಸಬೇಕಾದದ್ದು ಇದೇ. ಲಟ್ ಅಂದರೆ ಈ ಸಂಖ್ಯೆ ಬಂದರೆ ಆ ಸಂಖ್ಯೆ ಕೊಡು ಅನ್ನುವ ಒಂದು ಪಟ್ಟಿ. ಅದು ಚಿತ್ರ ನೋಡುವುದಿಲ್ಲ. ರೆಕ್ 709ಗೆ ಅಂತ ಮಾಡಿದ ಲಟ್‌ಗೆ 60 ಅಂದರೆ ಬಿಳಿ ಕಾಗದ ಅಲ್ಲ, ತಿಳಿಬೂದು ಗೋಡೆ. ಅದು ಗೋಡೆಗೆ ಮಾಡಬೇಕಾದದ್ದನ್ನು ಕಾಗದಕ್ಕೆ ಮಾಡುತ್ತದೆ. ಒಂದೇ ಲಟ್ ಒಬ್ಬರಿಗೆ ಚೆನ್ನಾಗಿ ಬಂದು ಇನ್ನೊಬ್ಬರಿಗೆ ಕೊಳಕಾಗಿ ಬರುವುದರ ಹಿಂದೆ ಮುಖ್ಯವಾಗಿ ಇರುವ ಸಂಗತಿ ಇದು.

ಫೋಟೋಗೂ ಇದೇ ಮಾತು, ಸ್ವಲ್ಪ ಬದಲಾವಣೆಯೊಂದಿಗೆ. "ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿತ್ತು, ಕಂಪ್ಯೂಟರ್‌ನಲ್ಲಿ ತೆರೆದ್ರೆ ಡಲ್ ಆಗಿದೆ" ಅಂತ ಯಾರಾದರೂ ಹೇಳಿದರೆ ಅವರು ರಾ ಫೈಲ್, ಅಂದರೆ ಕ್ಯಾಮೆರಾ ಇನ್ನೂ ತಿದ್ದದ ಮೂಲ ಡೇಟಾ, ತೆರೆದಿರುವ ಸಾಧ್ಯತೆ ಜಾಸ್ತಿ. ಕ್ಯಾಮೆರಾ ತನ್ನ ಪರದೆಯಲ್ಲಿ ತೋರಿಸುವುದು ತಾನೇ ಕಾಂಟ್ರಾಸ್ಟ್, ಬಣ್ಣ ಸೇರಿಸಿ ಮಾಡಿದ ಜೆಪೆಗ್ ಪ್ರಿವ್ಯೂ. ರಾ ಫೈಲ್‌ಗೆ ಅದು ಸೇರಿರುವುದಿಲ್ಲ. ಅಲ್ಲಿ ವೇವ್‌ಫಾರ್ಮ್ ಬದಲು, ಯಾವ ಬೆಳಕು ಎಷ್ಟಿದೆ ಅಂತ ತೋರಿಸುವ ಹಿಸ್ಟೋಗ್ರಾಮ್ ನೋಡಿಸಬೇಕು. ಮತ್ತೆ ಒಂದು ಪ್ರಶ್ನೆ ಕೇಳಲೇಬೇಕು: ರಾ ಇದೆಯಾ, ಜೆಪೆಗ್ ಮಾತ್ರ ಇದೆಯಾ? ಬೆಳ್ಳಗೆ ಸುಟ್ಟುಹೋದ ಆಕಾಶ ರಾದಲ್ಲಿ ಸ್ವಲ್ಪ ಮಟ್ಟಿಗೆ ವಾಪಸ್ ಬರಬಹುದು. ಜೆಪೆಗ್‌ನಲ್ಲಿ 255ಕ್ಕೆ ಹೋಗಿ ನಿಂತದ್ದು ವಾಪಸ್ ಬರುವುದಿಲ್ಲ, ಬೂದು ತೇಪೆ ಆಗುತ್ತದೆ ಅಷ್ಟೇ.

ಏನು ಕಳಿಸಬೇಕು

ಕ್ಲಿಪ್ ಕಳಿಸಿ ಅಂದರೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಪರದೆಯ ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಇಲ್ಲವೇ ಮೆಸೇಜಿಂಗ್ ಆ್ಯಪ್‌ನಲ್ಲಿ ವಿಡಿಯೋ ಕಳಿಸುತ್ತಾರೆ. ಎರಡೂ ಹಾದಿ ತಪ್ಪಿಸುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಸಿಗುವುದು ಆ ಸಾಫ್ಟ್‌ವೇರ್ ಮತ್ತು ಆ ಪರದೆ ಸೇರಿ ತೋರಿಸಿದ ಚಿತ್ರ, ಫೈಲ್‌ನೊಳಗಿನದ್ದಲ್ಲ. ಮೆಸೇಜಿಂಗ್ ಆ್ಯಪ್ ವಿಡಿಯೋವನ್ನು ಕುಗ್ಗಿಸಿ ಮತ್ತೊಮ್ಮೆ ಎನ್‌ಕೋಡ್ ಮಾಡುತ್ತದೆ. ಮೂಲ ಫೈಲ್ 10 ಬಿಟ್ ಆಗಿತ್ತಾ, ಎಚ್‌ಡಿಆರ್ ಆಗಿತ್ತಾ ಅನ್ನುವ ಮಾಹಿತಿ ಅಲ್ಲೇ ಕಳೆದುಹೋಗಬಹುದು.

ಬೇಕಾಗಿರುವುದು ಮೂಲ ಫೈಲ್‌ನಿಂದ ಮತ್ತೆ ಎನ್‌ಕೋಡ್ ಆಗದೆ ಕತ್ತರಿಸಿದ ಐದು ಸೆಕೆಂಡಿನ ತುಣುಕು. ಎಫ್‌ಎಫ್‌ಎಂಪೆಗ್ ಅನ್ನುವ ಕಮಾಂಡ್ ಸಾಫ್ಟ್‌ವೇರ್ ಇದ್ದರೆ ಒಂದೇ ಸಾಲು:

```
ffmpeg -ss 00:00:10 -i clip.mp4 -t 5 -c copy tunuku.mp4
```

ಇಲ್ಲಿ `-c copy` ಅನ್ನುವುದೇ ಮುಖ್ಯ. ಅದು ಇದ್ದರೆ ಚಿತ್ರದ ಡೇಟಾ ಹಾಗೇ ನಕಲಾಗುತ್ತದೆ. ಕತ್ತರಿಸುವ ಜಾಗ ಒಂದೆರಡು ಸೆಕೆಂಡ್ ಆಚೀಚೆ ಆಗಬಹುದು, ಪರವಾಗಿಲ್ಲ. ಇದನ್ನು ಡಾಕ್ಯುಮೆಂಟ್ ಆಗಿಯೋ ಡ್ರೈವ್ ಲಿಂಕ್ ಆಗಿಯೋ ಕಳಿಸಬೇಕು.

ತುಣುಕು ಕಳಿಸಲು ಇಷ್ಟವಿಲ್ಲದವರೂ ಇರುತ್ತಾರೆ. ಅದರಲ್ಲಿ ಮನೆಯವರ ಮುಖ ಇರಬಹುದು, ಬೇರೆಯವರ ಕೆಲಸ ಇರಬಹುದು. ಅವರಿಂದ ಇಷ್ಟಾದರೂ ತರಿಸಿಕೊಳ್ಳಬಹುದು:

```
ffprobe -v error -select_streams v:0 \
  -show_entries stream=codec_name,pix_fmt,color_range,color_transfer \
  -of default=nw=1 clip.mp4
```

ಬರುವ ಉತ್ತರದಲ್ಲಿ `pix_fmt=yuv420p10le` ಅಂತಿದ್ದರೆ 10 ಬಿಟ್, `yuv420p` ಅಂತಷ್ಟೇ ಇದ್ದರೆ 8 ಬಿಟ್. `color_transfer=arib-std-b67` ಅಂತ ಬಂದರೆ ಅದು ಎಚ್‌ಎಲ್‌ಜಿ ಅನ್ನುವ ಬಗೆಯ ಎಚ್‌ಡಿಆರ್. ಫೋನ್‌ನಲ್ಲಿ ಎಚ್‌ಡಿಆರ್ ಆನ್ ಇದ್ದಾಗ ಹೀಗೆ ಬರಬಹುದು. ಮಂಕಿಗೆ ಐದನೇ ಕಾರಣ ಸಿಕ್ಕಿತು ಅಂದುಕೊಳ್ಳಿ. ಎಚ್‌ಡಿಆರ್ ಫೈಲನ್ನು ಮಾಮೂಲಿ ಟೈಮ್‌ಲೈನ್‌ಗೆ ಹಾಗೇ ಹಾಕಿದರೆ ಬಣ್ಣ ಪೇಲವವಾಗುತ್ತದೆ. ಅದಕ್ಕೂ ಮದ್ದು ಅಳತೆ ತಿರುಗಿಸುವುದೇ.

ಆದರೆ ಒಂದು ಮಿತಿ ಇದೆ. ಎಸ್-ಲಾಗ್3ರಂಥ ಲಾಗ್‌ಗಳಿಗೆ `color_transfer` ಅನ್ನುವ ಈ ಟ್ಯಾಗ್‌ನಲ್ಲಿ ಜಾಗವೇ ಇಲ್ಲ. ಹಾಗಾಗಿ ಈ ಟ್ಯಾಗ್ ನೋಡಿ ಲಾಗ್ ಅಂತ ಖಚಿತ ಆಗುವುದಿಲ್ಲ. ಕ್ಯಾಮೆರಾ ಮೆನುವಿನ ಯಾವ ಪಿಕ್ಚರ್ ಪ್ರೊಫೈಲ್‌ನಲ್ಲಿ ಶೂಟ್ ಮಾಡಿದ್ದು ಅಂತ ಬಾಯಿಬಿಟ್ಟು ಕೇಳಲೇಬೇಕು. ಜೊತೆಗೆ ಇನ್ನೊಂದು ಪ್ರಶ್ನೆ: ಮಂಕಾಗಿ ಕಾಣುವುದು ಎಲ್ಲಿ? ಎಡಿಟಿಂಗ್ ಸಾಫ್ಟ್‌ವೇರ್ ಒಳಗೇನಾ, ಇಲ್ಲ ಎಕ್ಸ್‌ಪೋರ್ಟ್ ಆದ ಮೇಲೆ ಬೇರೆ ಪ್ಲೇಯರ್‌ನಲ್ಲಾ? ಎರಡನೆಯದಾದರೆ ಗ್ರೇಡಿಂಗ್, ಅಂದರೆ ಬಣ್ಣ-ಬೆಳಕು ತಿದ್ದಿದ್ದನ್ನು, ಮುಟ್ಟಲೇಬಾರದು. ಎಕ್ಸ್‌ಪೋರ್ಟ್‌ನ ಬಣ್ಣದ ಟ್ಯಾಗ್‌ಗಳನ್ನು ನೋಡಬೇಕು.

ಒಂದು ಕ್ಲಿಪ್ ಹಿಡಿದುಕೊಂಡು

ನನ್ನ ಗೆಳೆಯನೊಬ್ಬ ಕೇಳಿದ್ದೂ ಹೆಚ್ಚುಕಡಿಮೆ ಮೇಲಿನ ಪ್ರಶ್ನೆಯನ್ನೇ. ಕಿಟಕಿಯ ಪಕ್ಕ ಕೂತು ಒಬ್ಬರು ಕೈಯಲ್ಲಿ ಹಾಳೆ ಹಿಡಿದು ಓದುವ ವಿಡಿಯೋ. ಕ್ಯಾಮೆರಾ ಬೇರೆಯವರದ್ದು.

"ಯಾವ ಪ್ರೊಫೈಲ್‌ನಲ್ಲಿ ತೆಗೆದಿದ್ದೀಯ?"

"ಅದೆಲ್ಲ ನೋಡ್ಲಿಲ್ಲ ಕಣೋ. ಕೊಟ್ಟ ಹಾಗೇ ಆನ್ ಮಾಡಿ ತೆಗ್ದೆ."

"ಸರಿ, ಕ್ಯಾಮೆರಾ ಇನ್ನೂ ಹತ್ರಾನೇ ಇದ್ರೆ ಮೆನುವಿನಲ್ಲಿ ಪಿಕ್ಚರ್ ಪ್ರೊಫೈಲ್ ತೆಗೆದು ನೋಡು. ಆಮೇಲೆ ಆ ಹಾಳೆ ವೇವ್‌ಫಾರ್ಮ್‌ನಲ್ಲಿ ಎಷ್ಟಕ್ಕೆ ಬರುತ್ತೆ ಹೇಳು."

ಹಾಳೆಯನ್ನೇ ಯಾಕೆ ಕೇಳಿದ್ದು? ಅದು ಬಿಳಿ ಅಂತ ನಮಗೆ ಮೊದಲೇ ಗೊತ್ತು, ಮುಖಕ್ಕೆ ಬಿದ್ದ ಬೆಳಕೇ ಅದಕ್ಕೂ ಬಿದ್ದಿದೆ. ಗೋಡೆ ಯಾವ ಬಣ್ಣದ್ದೋ, ಬಟ್ಟೆ ಯಾವ ಬಣ್ಣದ್ದೋ ನನಗೆ ಗೊತ್ತಿಲ್ಲ. ಚಿತ್ರ ನೋಡದೆ ಮಾತಾಡುವಾಗ ಇಂಥ ಒಂದು ಗೊತ್ತಿರುವ ವಸ್ತು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಉತ್ತರ ಬಂತು. ಪ್ರೊಫೈಲ್ ಎಸ್-ಲಾಗ್3. ಹಾಳೆ 42ರ ಹತ್ತಿರ. ಫೈಲ್ 8 ಬಿಟ್.

ಎಸ್-ಲಾಗ್3ರಲ್ಲಿ ಬಿಳಿ ಹಾಳೆ 60ರ ಆಸುಪಾಸಿನಲ್ಲಿ ಇರಬೇಕಿತ್ತು. ಬೆಳಕು ಅರ್ಧಕ್ಕೆ ಇಳಿದರೆ ಅದನ್ನು ಒಂದು ಸ್ಟಾಪ್ ಅನ್ನುತ್ತೇವೆ. ಈ ಲಾಗ್‌ನಲ್ಲಿ ಒಂದು ಸ್ಟಾಪ್ ಅಂದರೆ ವೇವ್‌ಫಾರ್ಮ್‌ನಲ್ಲಿ ಸುಮಾರು 9 ಅಂಕ. 60ರಿಂದ 42ಕ್ಕೆ 18 ಅಂಕ ಇಳಿದಿದೆ, ಅಂದರೆ ಎರಡು ಸ್ಟಾಪ್ ಕಡಿಮೆ. ಬರಬೇಕಾದ ಬೆಳಕಿನಲ್ಲಿ ಕಾಲುಭಾಗ ಮಾತ್ರ ಬಂದಿದೆ. ಹೀಗೆ ಮಂಕಿಗೆ ಒಂದಲ್ಲ, ಎರಡು ಕಾರಣ ಒಟ್ಟಿಗೆ ಇದ್ದವು: ತಿರುಗಿಸದ ಲಾಗ್, ಮತ್ತೆ ಸಾಲದ ಬೆಳಕು. ಬರೀ ಲಾಗ್ ತಿರುಗಿಸಿದ್ದರೆ ಕಪ್ಪು ಮುಖ ಬರುತ್ತಿತ್ತು. ಬರೀ ಎಕ್ಸ್‌ಪೋಶರ್ ಏರಿಸಿದ್ದರೆ ಬೆಳ್ಳನೆಯ ಬೂದಿ ಬರುತ್ತಿತ್ತು.

ಮಾಡುವ ಕ್ರಮ ಹೀಗೆ. ರಿಸಾಲ್ವ್‌ನಲ್ಲಿ ತಿದ್ದುವ ಒಂದೊಂದು ಹಂತಕ್ಕೂ ನೋಡ್ ಅಂತ ಹೆಸರು. ಮೊದಲ ನೋಡ್‌ನಲ್ಲಿ, ಲಾಗ್ ಇನ್ನೂ ಲಾಗ್ ಆಗಿಯೇ ಇರುವಾಗ, ಆಫ್‌ಸೆಟ್ ಏರಿಸಿ ಹಾಳೆಯನ್ನು 60ಕ್ಕೆ ತರಬೇಕು. ಲಾಗ್‌ನಲ್ಲಿ ಎಲ್ಲದಕ್ಕೂ ಒಂದೇ ಅಂಕ ಕೂಡಿದರೆ, ಕಡುಕಪ್ಪಿನ ಹತ್ತಿರ ಬಿಟ್ಟು ಉಳಿದೆಡೆ, ಕ್ಯಾಮೆರಾದಲ್ಲೇ ಬೆಳಕು ಜಾಸ್ತಿ ಬಿಟ್ಟ ಹಾಗೆ ಆಗುತ್ತದೆ. ತಿರುಗಿಸಿದ ಮೇಲೆ ಇದನ್ನು ಮಾಡಲು ಹೋದರೆ ಅಷ್ಟು ಸಹಜವಾಗಿ ಬರುವುದಿಲ್ಲ. ಎರಡನೇ ನೋಡ್‌ನಲ್ಲಿ Color Space Transform. ಅದರಲ್ಲಿ ಬರುವ ಗಾಮಾ S-Log3, ಬರುವ ಬಣ್ಣ S-Gamut3.Cine (ಕ್ಯಾಮೆರಾದಲ್ಲಿ ಬೇರೆ ಆರಿಸಿದ್ದರೆ ಅದು), ಹೋಗುವುದು Rec.709. ಇಷ್ಟು ಮಾಡಿದ ಮೇಲೆ "ಅಯ್ಯೋ, ಇದು ಮಾಮೂಲಿ ವಿಡಿಯೋ ಥರಾನೇ ಆಯ್ತಲ್ಲ" ಅಂದ. ಹೌದು, ಶೈಲಿಯ ಕೆಲಸ ಶುರುವಾಗಬೇಕಾದ್ದೇ ಅಲ್ಲಿಂದ.

ಎರಡು ಸ್ಟಾಪ್ ಏರಿಸಿದ್ದಕ್ಕೆ ಬೆಲೆ ತೆರಬೇಕಾಯಿತು. ಓದುವವರ ಕಪ್ಪು ಕೋಟಿನಲ್ಲಿ ನಾಯ್ಸ್, ಅಂದರೆ ಮರಳಿನಂಥ ಚುಕ್ಕೆಗಳು, ಕುಣಿಯತೊಡಗಿತು. ಹಿಂದಿನ ಖಾಲಿ ಗೋಡೆಯಲ್ಲಿ ಬೆಳಕು ನಿಧಾನಕ್ಕೆ ಇಳಿಯುವ ಬದಲು ಪಟ್ಟಿಪಟ್ಟಿಯಾಗಿ ಕಂಡಿತು. ಇದು ಸಾಫ್ಟ್‌ವೇರ್ ತಪ್ಪಲ್ಲ. 8 ಬಿಟ್ ಫೈಲ್‌ನ ಈ ಲಾಗ್‌ನಲ್ಲಿ ಒಂದು ಸ್ಟಾಪ್‌ಗೆ ಸಿಗುವುದು ಸುಮಾರು 20 ಮೆಟ್ಟಿಲು ಮಾತ್ರ. 10 ಬಿಟ್ ಆಗಿದ್ದರೆ 80ರ ಹತ್ತಿರ ಸಿಗುತ್ತಿತ್ತು. ಗೋಡೆಯ ಮೇಲೆ ಬೆಳಕು ಅರ್ಧ ಸ್ಟಾಪ್ ಇಳಿದಿದ್ದರೆ ಅಷ್ಟಗಲ ಗೋಡೆಗೆ ಹತ್ತೇ ಮೆಟ್ಟಿಲು. ಅದನ್ನು ಹಿಗ್ಗಿಸಿದಾಗ ಮೆಟ್ಟಿಲು ಕಣ್ಣಿಗೆ ಬೀಳುತ್ತದೆ. ನಾಯ್ಸ್ ರಿಡಕ್ಷನ್ ಎಲ್ಲಕ್ಕಿಂತ ಮೊದಲು ಹಾಕಿ, ಕೊನೆಯಲ್ಲಿ ತೆಳುವಾಗಿ ಗ್ರೇನ್ ಸೇರಿಸಿದರೆ ಪಟ್ಟಿ ಬಹುಮಟ್ಟಿಗೆ ಮರೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಒಂದು ಲಾಭವೂ ಆಗಿತ್ತು. ಬೆಳಕು ಕಡಿಮೆ ಬಿಟ್ಟಿದ್ದರಿಂದ ಕಿಟಕಿಯಾಚೆಯ ಮರ, ಆಕಾಶ ಸುಟ್ಟುಹೋಗಿರಲಿಲ್ಲ. ವೇವ್‌ಫಾರ್ಮ್‌ನಲ್ಲಿ ಕಿಟಕಿಯ ಜಾಗ ಮೇಲೆ ಚಪ್ಪಟೆ ಗೆರೆಯಾಗಿ ನಿಲ್ಲದೆ ಹರಡಿಕೊಂಡಿತ್ತು. ಮುಂದೆ ಶೈಲಿ ಆರಿಸುವಾಗ ಇದು ಕೆಲಸಕ್ಕೆ ಬಂತು.

ಅದೇ ದಿನ ಸ್ವಲ್ಪ ಹೊತ್ತು ಬಿಟ್ಟು ತೆಗೆದ ಇನ್ನೊಂದು ಕ್ಲಿಪ್‌ಗೂ ಇದೇ ಗ್ರೇಡ್ ಅಂಟಿಸಬಹುದಾ ಅಂತ ಕೇಳಿದ. ಅಲ್ಲಿ ಹಾಳೆ 51ರಲ್ಲಿತ್ತು. ಮೋಡ ಸರಿದು ಬೆಳಕು ಜಾಸ್ತಿಯಾಗಿರಬೇಕು. ಮೊದಲ ನೋಡ್‌ನಲ್ಲಿ 18ರ ಬದಲು 9 ಏರಿಸಿದರೆ ಸಾಕು, ಉಳಿದ ನೋಡ್‌ಗಳು ಹಾಗೇ ನಡೆಯುತ್ತವೆ. ಒಂದೇ ಕೋಣೆ, ಒಂದೇ ಕ್ಯಾಮೆರಾ ಇದ್ದರೂ ಸಂಖ್ಯೆ ಬದಲಾಯಿತು. ಎಲ್ಲೋ ಇರುವ ಇನ್ನೊಬ್ಬರ ಕ್ಲಿಪ್‌ಗೆ "ಎಕ್ಸ್‌ಪೋಶರ್ +0.7 ಇಡಿ" ಅಂತ ನಾನು ಸುಮ್ನೆ ಹೇಳುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಸಿನಿಮ್ಯಾಟಿಕ್ ಅಂದರೆ ಯಾವುದು

ಶೈಲಿಯ ಬಗ್ಗೆ ಮಾತಲ್ಲಿ ಕೇಳಿದರೆ ಸಿಗುವುದು ಮತ್ತಷ್ಟು ಮಾತು: ರಿಚ್ ಆಗಿರಬೇಕು, ಮೂಡಿ ಆಗಿರಬೇಕು. ಒಬ್ಬರಿಗೆ ಸಿನಿಮ್ಯಾಟಿಕ್ ಅಂದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಇನ್ನೊಬ್ಬರಿಗೆ ಹಿನ್ನೆಲೆ ಮಸುಕಾಗಿರುವುದು. ಮತ್ತೊಬ್ಬರಿಗೆ ನೆರಳಿನಲ್ಲಿ ನೀಲಿ, ಮುಖದಲ್ಲಿ ಕಿತ್ತಳೆ. ಅದಕ್ಕೆ ನಾನು ಕೇಳುವುದು ಚಿತ್ರ. ನಿನಗೆ ಇಷ್ಟವಾದ ಎರಡು ಫ್ರೇಮ್ ಕಳಿಸು, ಅದರಲ್ಲಿ ಏನು ಇಷ್ಟ ಅಂತ ಬೆರಳಿಟ್ಟು ತೋರಿಸು.

ಗೆಳೆಯ ಕಳಿಸಿದ ಒಂದು ಫ್ರೇಮ್‌ನಲ್ಲಿ ರಾತ್ರಿಯ ರಸ್ತೆ, ಬಣ್ಣದ ದೀಪಗಳು, ಒದ್ದೆ ನೆಲ. ಇನ್ನೊಂದರಲ್ಲಿ ಕಿಟಕಿಯ ಬೆಳಕಿನ ಕೋಣೆ, ಬೆಚ್ಚನೆಯ ಮುಖ, ಮೂಲೆಗಳಲ್ಲಿ ಕತ್ತಲು. ಮೊದಲನೆಯದು ಅವನ ಕ್ಲಿಪ್‌ನಿಂದ ಬರಲು ಸಾಧ್ಯವೇ ಇಲ್ಲ. ಅಲ್ಲಿನ ಬಣ್ಣ ಗ್ರೇಡಿಂಗ್‌ನಿಂದ ಬಂದದ್ದಲ್ಲ, ದೀಪಗಳಿಂದ ಬಂದದ್ದು. ಎರಡನೆಯದು ಹತ್ತಿರ ಇದೆ, ಬೆಳಕು ಒಂದು ಪಕ್ಕದಿಂದಲೇ ಬರುತ್ತಿದೆಯಲ್ಲ.

ಆ ಫ್ರೇಮನ್ನು ಮುಂದಿಟ್ಟುಕೊಂಡ ಮೇಲೆ ಸಲಹೆ ತಾನಾಗಿ ಖಚಿತವಾಯಿತು. ಮುಖದ ಸುತ್ತ ದೊಡ್ಡ ಮೃದು ಮಾಸ್ಕ್ ಹಾಕಿ, ಅದರ ಹೊರಗಿನ ಕೋಣೆಯನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸುವುದು. ಗೋಡೆಯ ಬಣ್ಣವನ್ನು ತಗ್ಗಿಸಿ, ಮುಖದ ಬಣ್ಣವನ್ನು ಹಾಗೇ ಬಿಡುವುದು. ಕಿಟಕಿಯನ್ನು ಮಾತ್ರ ಬೇರೆ ಹಿಡಿದು ಇಳಿಸಿ, ಆಚೆಯ ಮರ ಕಾಣುವಷ್ಟು ಮಾಡುವುದು. ಕೋಣೆ ಕತ್ತಲಾಗುವುದರಿಂದ ನಾಯ್ಸ್ ಕೂಡ ಕತ್ತಲಿಗೆ ಸೇರುತ್ತದೆ, ಗೋಡೆಯ ಪಟ್ಟಿಯೂ ಅಷ್ಟು ಕಾಣುವುದಿಲ್ಲ. ಅವನು ಬೆಳ್ಳಗೆ ಹಗುರವಾಗಿ ಕಾಣುವ ಶೈಲಿ ಕೇಳಿದ್ದಿದ್ದರೆ ಇದೇ ಕ್ಲಿಪ್ ಸೋಲುತ್ತಿತ್ತು. ಎರಡು ಸ್ಟಾಪ್ ಏರಿಸಿದ 8 ಬಿಟ್ ಚಿತ್ರವನ್ನು ಇನ್ನೂ ಏರಿಸಬೇಕಾಗುತ್ತಿತ್ತು, ಕಿಟಕಿಯೂ ಹೋಗುತ್ತಿತ್ತು. ಫೈಲ್ ಎಷ್ಟು ತಡೆಯುತ್ತದೆ ಅನ್ನುವುದು ಯಾವ ಶೈಲಿ ಬೇಕು ಅನ್ನುವುದರ ಮೇಲೆ ನಿಂತಿದೆ. ಒಂದು ಗೊತ್ತಿಲ್ಲದೆ ಇನ್ನೊಂದರ ಬಗ್ಗೆ ಹೇಳಲು ಬರುವುದಿಲ್ಲ.

ಎಡಿಟಿಂಗ್‌ನಲ್ಲಿ ಬಾರದ್ದನ್ನೂ ಆಗಲೇ ಹೇಳಿಬಿಡಬೇಕು. ಬೆಳಕು ಬರುವ ದಿಕ್ಕು ಸುಲಭಕ್ಕೆ ಬದಲಾಗುವುದಿಲ್ಲ. ಶಟರ್ ವೇಗವಾಗಿದ್ದು ಕೈಯ ಚಲನೆ ಕಡಿಕಡಿಯಾಗಿ ಬಂದಿದ್ದರೆ, ಟೈಮ್‌ಲೈನನ್ನು 24 ಫ್ರೇಮ್ ಮಾಡಿದ ಮಾತ್ರಕ್ಕೆ ಅದು ಮೃದುವಾಗುವುದಿಲ್ಲ. ಚಲನೆಯ ಸಹಜ ಮಸುಕು ಶೂಟ್ ಮಾಡುವಾಗಲೇ ಪ್ರತಿ ಫ್ರೇಮ್‌ನಲ್ಲಿ ಸೇರಿರಬೇಕು.

ಏನೂ ಬರದಿದ್ದರೆ ಏನು ಹೇಳಬೇಕು

ಎಷ್ಟು ಕೇಳಿದರೂ ಕೆಲವರು ಕ್ಲಿಪ್ ಕಳಿಸುವುದಿಲ್ಲ, ಪ್ರಶ್ನೆಗೂ ಉತ್ತರಿಸುವುದಿಲ್ಲ. ಆಗಲೂ ಹೇಳಬಹುದಾದದ್ದು ಇದೆ. ಕ್ರಮ ಯಾವ ಕ್ಲಿಪ್‌ಗಾದರೂ ಹೆಚ್ಚುಕಡಿಮೆ ಒಂದೇ: ಮೊದಲು ಫೈಲ್‌ನ ಅಳತೆ, ಬೆಳಕು ಮತ್ತು ವೈಟ್ ಬ್ಯಾಲೆನ್ಸ್ ಸರಿಪಡಿಸುವುದು, ಲಾಗ್ ಆದರೆ ಬೆಳಕನ್ನು ಅಳತೆ ತಿರುಗಿಸುವ ಮುಂಚೆಯೇ, ಆಮೇಲೆ ಶೈಲಿ, ಕೊನೆಗೆ ಶಾರ್ಪ್‌ನೆಸ್ ಮತ್ತು ಗ್ರೇನ್. ಸಂಖ್ಯೆಗಳನ್ನು ಮಾತ್ರ ಹೇಳಬಾರದು. ಹಾಗಿದ್ದರೆ ಹೀಗೆ, ಹೀಗಿದ್ದರೆ ಹಾಗೆ ಅಂತ ಪರೀಕ್ಷೆಯ ಸಮೇತ ಬರೆದರೆ ಅವರೇ ತಮ್ಮ ಕಾರಣ ಹುಡುಕಿಕೊಳ್ಳುತ್ತಾರೆ. ನಾನು ಬರೆಯುವುದು ಸುಮಾರು ಈ ಥರ:

"ವೇವ್‌ಫಾರ್ಮ್ ತೆರೆಯಿರಿ. ತಳ ಉದ್ದಕ್ಕೂ 6ರಲ್ಲಿ, ತುದಿ 92ರಲ್ಲಿ ನಿಂತಿದ್ದರೆ ಡೇಟಾ ಲೆವೆಲ್ಸ್ ಬದಲಿಸಿ, ಬೇರೇನೂ ಮಾಡಬೇಡಿ. ಒಂದು ಬದಿ ಮಾತ್ರ ಎದ್ದಿದ್ದರೆ ಅದು ಫ್ಲೇರ್, ಆ ಬದಿಗೆ ಮಾತ್ರ ಕಪ್ಪು ಇಳಿಸಿ. ತಳ 0ಯಲ್ಲಿದ್ದು ಉಳಿದದ್ದು ಕೆಳಗಿದ್ದರೆ ಮಧ್ಯದ ಬೆಳಕು ಏರಿಸಿ, ಕಾಂಟ್ರಾಸ್ಟ್ ಮುಟ್ಟಬೇಡಿ. ಇಡೀ ಚಿತ್ರ ನಡುವೆ ಒತ್ತಿಕೊಂಡು ಬಣ್ಣವೂ ಪೇಲವವಾಗಿದ್ದರೆ ಕ್ಯಾಮೆರಾದ ಪಿಕ್ಚರ್ ಪ್ರೊಫೈಲ್ ನೋಡಿ. ಲಾಗ್ ಅಂತಿದ್ದರೆ ಅದರ ಹೆಸರು ಮತ್ತು ಬಿಳಿ ವಸ್ತು ಒಂದು ಎಷ್ಟಕ್ಕೆ ಬರುತ್ತದೆ ಅಂತ ತಿಳಿಸಿ. ಶೈಲಿಗೆ ನಿಮಗಿಷ್ಟವಾದ ಒಂದು ಫ್ರೇಮ್ ಕಳಿಸಿ, ಹಗಲಿನದ್ದಕ್ಕೆ ಹಗಲಿನದ್ದೇ ಇರಲಿ."

ಇದಕ್ಕೆ ವಾಪಸ್ ಬರುವ ಉತ್ತರ ಅನೇಕ ಸಲ ಒಂದೇ ಸಾಲು: "ತಳ 6ರಲ್ಲಿತ್ತು, ಸರಿಹೋಯ್ತು." ಆಗ ಸಿನಿಮ್ಯಾಟಿಕ್ ಮಾತೇ ಮತ್ತೆ ಬರುವುದಿಲ್ಲ.